ಹಾಜರಿ ಪುಸ್ತಕದಲ್ಲಿ ಅನಂತಮೂರ್ತಿ ಮೊದಲೋ ಕೊನೆಯೋ?

ಕನ್ನಡದ ಎಂಟು ಮಂದಿ ಸಾಹಿತಿಗಳು ಒಂದೇ ತರಗತಿಯಲ್ಲಿ ಕೂತಿದ್ದಾರೆ ಅಂದುಕೊಳ್ಳಿ. ಬಾಯಿಗೆ ಬಂದ ಹಾಗೆ ಹೆಸರು ಬರೆದು, ಮೊದಲ ಅಕ್ಷರ ನೋಡಿ ಅಕಾರಾದಿಯಾಗಿ ಜೋಡಿಸಿದರೆ ಹಾಜರಿ ಪುಸ್ತಕ ಹೀಗಾಗುತ್ತದೆ: ಎಂ. ಗೋಪಾಲಕೃಷ್ಣ ಅಡಿಗ, ಎಸ್. ಎಲ್. ಭೈರಪ್ಪ, ಕೆ. ಎಸ್. ನರಸಿಂಹಸ್ವಾಮಿ, ಕೆ. ವಿ. ಪುಟ್ಟಪ್ಪ, ಕೋಟ ಶಿವರಾಮ ಕಾರಂತ, ದ. ರಾ. ಬೇಂದ್ರೆ, ಮಾಸ್ತಿ ವೆಂಕಟೇಶ ಅಯ್ಯಂಗಾರ್, ಯು. ಆರ್. ಅನಂತಮೂರ್ತಿ. 'ಅ'ಕಾರದ ಹುಡುಗ ಕಟ್ಟಕಡೆಗೆ ಹೋಗಿ ಕೂತ!

ಇಲ್ಲಿ ಜೋಡಣೆಯಾಗಿರುವುದು ಹೆಸರುಗಳಲ್ಲ, ಊರುಗಳು. ಯು ಎಂದರೆ ಉಡುಪಿ, ಎಸ್ ಎಂದರೆ ಸಂತೇಶಿವರ, ಒಂದು ಕೆ ಕಿಕ್ಕೇರಿ, ಇನ್ನೊಂದು ಕುಪ್ಪಳಿ. ಅದೂ ಊರಿನ ಅಕ್ಷರದಿಂದಲ್ಲ, ಆ ಅಕ್ಷರಕ್ಕಿರುವ ಇಂಗ್ಲಿಷ್ ಹೆಸರಿನ ಉಚ್ಚಾರದಿಂದ. ಇಂಗ್ಲಿಷಿನ 26 ಅಕ್ಷರಗಳಲ್ಲಿ ಎಂಟನ್ನು ಕನ್ನಡದಲ್ಲಿ ಬರೆದಾಗ 'ಎ'ಯಿಂದಲೇ ಶುರುವಾಗುತ್ತವೆ: ಎ, ಎಫ್, ಎಚ್, ಎಲ್, ಎಂ, ಎನ್, ಎಸ್, ಎಕ್ಸ್. ಹಳೇ ಮೈಸೂರಿನ ಕಡೆ ಇವುಗಳಲ್ಲಿ ನಾಲ್ಕೈದು ಸಾಮಾನ್ಯ ಇನಿಷಿಯಲ್‌ಗಳು. ಹಾಗಾಗಿ ತರಗತಿಯ ದೊಡ್ಡ ಪಾಲು 'ಎ' ಅಡಿಯಲ್ಲಿ ಗುಂಪುಗೂಡುತ್ತದೆ. ಸಾಲದ್ದಕ್ಕೆ ಒಬ್ಬರು 'ಎಚ್' ಬರೆದರೆ ಇನ್ನೊಬ್ಬರು 'ಹೆಚ್' ಬರೆಯುತ್ತಾರೆ. ಅದೇ ಹಾಸನದ ಹುಡುಗ ಪುಟದ ತುದಿಗೂ ಹೋಗಬಹುದು, ಬುಡಕ್ಕೂ ಬರಬಹುದು.

ಇನಿಷಿಯಲ್ ಬಿಟ್ಟು ಕೊನೆಯ ಪದ ಹಿಡಿದರೆ ಆಯಿತಲ್ಲ ಎನ್ನಿಸುತ್ತದೆ. ಭೈರಪ್ಪ, ಪುಟ್ಟಪ್ಪ, ನರಸಿಂಹಸ್ವಾಮಿ, ಅನಂತಮೂರ್ತಿಯವರಿಗೆ ಇದು ಸರಿಹೋಗುತ್ತದೆ. ಆದರೆ ಕೊನೆಯ ಪದವೆಂದು ಹಿಡಿದರೆ ಅಡಿಗ, ಅಯ್ಯಂಗಾರ್ ಎರಡೂ 'ಅ'ಕಾರಕ್ಕೆ ಬರುತ್ತವೆ. ಅವು ಮನೆತನದ, ಸಮುದಾಯದ ಗುರುತು. ಹುಡುಗನನ್ನು ಕೂಗುವ ಹೆಸರು ಗೋಪಾಲಕೃಷ್ಣ, ವೆಂಕಟೇಶ.

ಗ್ರಂಥಾಲಯದವರು ಈ ತೊಡಕನ್ನು ಬಹಳ ಹಿಂದೆಯೇ ಎದುರಿಸಿದ್ದರು. ಎಸ್. ಆರ್. ರಂಗನಾಥನ್ ಅವರದೇ ಹೆಸರಿನ ಮುಂದೆ ಊರು ಶಿಯಾಳಿ, ತಂದೆ ರಾಮಾಮೃತ. 1934ರಲ್ಲಿ ಬಂದ ಅವರ ಸೂಚೀಕರಣ ಸಂಹಿತೆಯ ದಾರಿ ಸರಳ: ಕೊನೆಯ ಪದ ಮೊದಲಿಗೆ, ಇನಿಷಿಯಲ್ ಹಿಂದಕ್ಕೆ. ದಕ್ಷಿಣದ ಹೆಸರಿನ ಕೊನೆಯ ಪದ ಬರೀ ಜಾತಿಸೂಚಕವಾಗಿದ್ದರೆ ಅದರ ಹಿಂದಿನ ಪದವನ್ನೂ ಸೇರಿಸಿಕೊಂಡು ಅಲ್ಲಿಂದ ಜೋಡಿಸಬೇಕು.

ಬೇಂದ್ರೆಯವರ ಹತ್ತಿರ ಈ ದಾರಿಯೂ ಸ್ವಲ್ಪ ತಡವರಿಸುತ್ತದೆ. ಧಾರವಾಡದ ಕಡೆ 'ದ' ಎಂಬುದು ಊರಲ್ಲ, ದತ್ತಾತ್ರೇಯ ಎಂಬ ಸ್ವಂತ ಹೆಸರು, 'ರಾ' ತಂದೆ ರಾಮಚಂದ್ರ, ಬೇಂದ್ರೆ ಮನೆತನ. ಇಲ್ಲಿ ಇನಿಷಿಯಲ್ ಬಿಟ್ಟರೆ ಹುಡುಗನ ಹೆಸರನ್ನೇ ಬಿಟ್ಟಂತೆ. ಆದ್ದರಿಂದ ಮೇಷ್ಟ್ರು ಕೇಳಬೇಕಾದ ಪ್ರಶ್ನೆ "ಕೊನೆಯ ಪದ ಯಾವುದು?" ಎಂದಲ್ಲ, "ಮನೆಯಲ್ಲಿ ಏನಂತ ಕರೀತಾರಪ್ಪ?" ಎಂದು. ಉತ್ತರ ಸಿಕ್ಕಿತೆಂದರೆ ಪಟ್ಟಿ ಹೀಗೆ ತಿರುಗುತ್ತದೆ: ಅನಂತಮೂರ್ತಿ, ಗೋಪಾಲಕೃಷ್ಣ, ದತ್ತಾತ್ರೇಯ, ನರಸಿಂಹಸ್ವಾಮಿ, ಪುಟ್ಟಪ್ಪ, ಭೈರಪ್ಪ, ವೆಂಕಟೇಶ, ಶಿವರಾಮ. ಎಂಟನೆಯವರಾಗಿದ್ದ ಅನಂತಮೂರ್ತಿ ಒಂದನೆಯವರಾದರು.

ಹೀಗೆಂದು ಹೆಸರನ್ನೇ ತಿರುಗಿಸಿ ಬರೆಯಬಾರದು. ದಾಖಲಾತಿ ಪುಸ್ತಕದಲ್ಲಿ 'ಕೋಟ ಶಿವರಾಮ ಕಾರಂತ' ಎಂದಿದ್ದರೆ ಹಾಜರಿಯಲ್ಲೂ ಅಕ್ಷರಶಃ ಅದೇ ಇರಬೇಕು, ಇಲ್ಲದಿದ್ದರೆ ಮುಂದೆ ಅಂಕಪಟ್ಟಿಯಲ್ಲಿ ತಕರಾರು. ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವವರು ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಅದರಲ್ಲಿ 'ಶಿವರಾಮ' ಎಂದಷ್ಟೇ ತುಂಬಿ, ಆ ಕಾಲಂ ಹಿಡಿದು ಸಾರ್ಟ್ ಮಾಡಬೇಕು. ಪ್ರಿಂಟ್ ತೆಗೆಯುವಾಗ ಅದನ್ನು ಮರೆಮಾಡಿದರಾಯಿತು. ಕಾಗದದ ಮೇಲಾದರೆ ಕರಡು ಪಟ್ಟಿಯಲ್ಲಿ ಕರೆಯುವ ಹೆಸರಿನ ಕೆಳಗೆ ಪೆನ್ಸಿಲ್ ಗೆರೆ ಸಾಕು.

ಗೆರೆ ಎಳೆದ ಮೇಲೂ ಒಂದು ಕಡೆ ಕೈ ತಪ್ಪುತ್ತದೆ. ಕೃ ಬೇರೆ, ಕ್ರ ಬೇರೆ. ಕೃಷ್ಣನದು ಋಕಾರದ ಗುಣಿತ, ಕುಮಾರನಾದ ಮೇಲೆ, ಕೇಶವನಿಗೆ ಮೊದಲು ಬರಬೇಕು. ಕ್ರಾಂತಿಯದು ಒತ್ತಕ್ಷರ, ಕಾಗುಣಿತವೆಲ್ಲ ಮುಗಿದು, ಕೌಸಲ್ಯಾ ಕೂಡ ಆದ ಮೇಲೆ ಅವಳ ಸರದಿ.

ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದಾಗ ಮಾತ್ರ ಇನಿಷಿಯಲ್‌ಗೆ ಕೆಲಸ. ಕನ್ನಡ ಪಟ್ಟಿಯಲ್ಲಿ ಎನ್. ಮಂಜುನಾಥ ಮೊದಲು, ಕೆ. ಮಂಜುನಾಥ ಆಮೇಲೆ, ಇಂಗ್ಲಿಷ್ ಪಟ್ಟಿಯಲ್ಲಿ ತಿರುವುಮುರುವು. ಎರಡೂ ಭಾಷೆಯಲ್ಲಿ ಪಟ್ಟಿ ಇಡುವ ಶಾಲೆ ಯಾವುದಾದರೂ ಒಂದರಿಂದ ಕ್ರಮಸಂಖ್ಯೆ ಕೊಟ್ಟು, ಇನ್ನೊಂದರಲ್ಲಿ ಅದನ್ನೇ ನಕಲು ಮಾಡುವುದು ಲೇಸು. ವರ್ಷದ ನಡುವೆ ವರ್ಗಾವಣೆಯಾಗಿ ಬರುವ ಅಮರನಿಗೆ ಅಕಾರಾದಿ ಗೀಕಾರಾದಿ ಏನೂ ಇಲ್ಲ: ಪುಟದ ಕೊನೆಯ ಸಾಲು, ಮುಂದಿನ ಜೂನ್‌ವರೆಗೆ.