ಅಳಿಸಿದರೂ ಹೋಗದ ಫೋಟೋಗಳು

ಶಿವಮೊಗ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯನೊಬ್ಬ ಫೋನ್ ಮಾಡಿ, "ಕಂಪ್ಯೂಟರಿಗೆ ದೆವ್ವ ಹಿಡಿದಿದೆ ಮಾರಾಯ" ಅಂದ. ಮುಗಿದುಹೋದ ಮದುವೆಗಳ ಫೋಲ್ಡರ್‌ಗಳನ್ನು ಡಿಲೀಟ್ ಮಾಡಿದ್ದನಂತೆ. ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಮತ್ತೆ ಹಾಜರ್. ಹಿಂದಿನ ದಿನ ಕೂತು ಜೋಡಿಸಿದ್ದ ಆಲ್ಬಂ ಮಾತ್ರ ಮಾಯ. ಸಿಟ್ಟಿಗೆ ಡಿ ಡ್ರೈವನ್ನೇ ಫಾರ್ಮ್ಯಾಟ್ ಮಾಡಿದ. ಫಾರ್ಮ್ಯಾಟ್ ಮುಗಿಯಿತು ಎಂದೇ ತೋರಿಸಿತು. ಮತ್ತೆ ಆನ್ ಮಾಡಿದಾಗ ಹಳೇ ವಧೂವರರೆಲ್ಲ ನಗುತ್ತ ಅಲ್ಲೇ ನಿಂತಿದ್ದರು!

ದೆವ್ವವಲ್ಲ, ಅವನ ಎಸ್‌ಎಸ್‌ಡಿಗೆ ವಯಸ್ಸಾಗಿತ್ತು.

ಎಸ್‌ಎಸ್‌ಡಿಯೊಳಗಿನ ಫ್ಲ್ಯಾಶ್ ಚಿಪ್ಪನ್ನು ಪೆನ್ಸಿಲ್‌ನಲ್ಲಿ ಬರೆದು ರಬ್ಬರಿನಲ್ಲಿ ಅಳಿಸುವ ನೋಟ್‌ಬುಕ್ ಅಂದುಕೊಳ್ಳಿ. ಬರೆದದ್ದರ ಮೇಲೆಯೇ ಮತ್ತೆ ಬರೆಯಲು ಬರುವುದಿಲ್ಲ, ಮೊದಲು ಅಳಿಸಬೇಕು. ಒಂದಿಷ್ಟು ಪುಟಗಳ ಗುಂಪನ್ನು, ಅಂದರೆ ಒಂದು ಬ್ಲಾಕನ್ನು, ಒಟ್ಟಿಗೇ ಅಳಿಸಬೇಕು. ಪ್ರತಿ ಸಲ ಅಳಿಸಿ ಬರೆದಾಗಲೂ ವಿದ್ಯುದಂಶವನ್ನು ಹಿಡಿದಿಡುವ ತೆಳು ಪದರ ಸ್ವಲ್ಪ ಸವೆಯುತ್ತದೆ. ಓದುವುದರಿಂದ ಈ ಸವೆತ ಇಲ್ಲವೆನ್ನುವಷ್ಟು ಕಡಿಮೆ. ಕೆಟ್ಟ ಬ್ಲಾಕಿನ ಬದಲಿಗೆಂದು ಡ್ರೈವ್ ಒಳಗೇ ಕೆಲವು ಬ್ಲಾಕ್‌ಗಳನ್ನು ಕಾಯ್ದಿರಿಸಿಕೊಂಡಿರುತ್ತದೆ. ಆ ಗಂಟು ಕರಗಿದಾಗ ಒಳಗಿನ ಕಂಟ್ರೋಲರ್ ಬರೆಯುವುದನ್ನೇ ನಿಲ್ಲಿಸುತ್ತದೆ. ಇರುವುದನ್ನಾದರೂ ಓದಿಕೊಳ್ಳಲಿ ಎಂಬ ಲೆಕ್ಕ. ಇದೇ ರೀಡ್-ಓನ್ಲಿ ಸ್ಥಿತಿ.

ಗೆಳೆಯನದು 512 ಜಿಬಿ ಡ್ರೈವ್. ತಯಾರಕರು ಅದಕ್ಕೆ ಹೇಳಿದ್ದ ಬರಹದ ಮಿತಿ 300 ಟೆರಾಬೈಟ್. ವಿಡಿಯೋ ಎಡಿಟಿಂಗ್‌ನ ತಾತ್ಕಾಲಿಕ ಫೈಲುಗಳೆಲ್ಲ ಸೇರಿ ದಿನಕ್ಕೆ 250 ಜಿಬಿ ಬರೆದರೆ 1200 ದಿನಕ್ಕೆ, ಅಂದರೆ ಮೂರು ವರ್ಷ ಮೂರು ತಿಂಗಳಿಗೆ ಅದು ಮುಗಿಯುತ್ತದೆ. ಮನೆಯಲ್ಲಿ ಪತ್ರ ಬರೆದು ಸಿನಿಮಾ ನೋಡುವವರು ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ.

ಹಾಗಾದರೆ ಆಲ್ಬಂ ಎಲ್ಲಿ ಹೋಯಿತು? ಅದು ಡ್ರೈವ್ ತಲುಪಿಯೇ ಇರಲಿಲ್ಲ. ಕೆಲವು ಡ್ರೈವ್‌ಗಳು ಬರೆಯಲಾಗದು ಎಂದು ದೂರು ಕೊಡುತ್ತವೆ, ಕೆಲವು ಬಾಯಿ ಬಿಡದೆ ಸುಮ್ಮನಿರುತ್ತವೆ. ವಿಂಡೋಸ್ ತನ್ನ ನೆನಪಿನಲ್ಲಿಟ್ಟುಕೊಂಡದ್ದನ್ನೇ ತೋರಿಸುತ್ತಿತ್ತು, ಕರೆಂಟ್ ಹೋದೊಡನೆ ಅದೂ ಹೋಯಿತು. ವಿಂಡೋಸ್ ಇರುವ ಡ್ರೈವೇ ಹೀಗಾದರೆ ಕಂಪ್ಯೂಟರ್ ಸಾಮಾನ್ಯವಾಗಿ ಶುರುವಾಗುವುದೇ ಇಲ್ಲ. ಶುರುವಾಗಲಿಕ್ಕೂ ಅದು ಏನಾದರೂ ಬರೆಯಲೇಬೇಕು.

ಅವನ ಯಂತ್ರವನ್ನು ಲಿನಕ್ಸ್ ಪೆನ್‌ಡ್ರೈವ್‌ನಿಂದ ಶುರುಮಾಡಿ `smartctl -a /dev/nvme0` ಎಂದು ಕೇಳಿದೆ. ಉತ್ತರದಲ್ಲಿ ಈ ಸಾಲುಗಳಿದ್ದವು:

```
- available spare has fallen below threshold
- media has been placed in read only mode
```

ಇಷ್ಟು ಕಂಡ ಮೇಲೆ ರಿಪೇರಿಯ ಆಸೆ ಬಿಡಬೇಕು. `chkdsk` ಓಡಿಸುವುದು, ರೀಡ್-ಓನ್ಲಿ ತೆಗೆಯುವ ಆಜ್ಞೆ ಕೊಡುವುದು ಎಲ್ಲ ವ್ಯರ್ಥ. ಬೀಗ ಹಾಕಿರುವುದು ವಿಂಡೋಸ್ ಅಲ್ಲ, ಡ್ರೈವೇ. ಲಿನಕ್ಸ್ ಕೂಡ ದೋಷ ಕಂಡಾಗ ಫೈಲ್ ವ್ಯವಸ್ಥೆಯನ್ನು ತಾನೇ ರೀಡ್-ಓನ್ಲಿ ಮಾಡುವುದುಂಟು. ಆದರೆ ಅದು ಬೇರೆ, ಅಲ್ಲಿ ಡ್ರೈವ್ ಹೀಗೆ ಹೇಳುವುದಿಲ್ಲ.

ಇನ್ನು ಆತುರದ ವಿಷಯ. ಈ ಸ್ಥಿತಿ ಎಷ್ಟು ದಿನ ಉಳಿಯುತ್ತದೆಂಬ ಭರವಸೆ ಇಲ್ಲ. ದಿ ಟೆಕ್ ರಿಪೋರ್ಟ್ ಎಂಬ ಅಮೆರಿಕದ ಪತ್ರಿಕೆ 2013ರಿಂದ 2015ರವರೆಗೆ ಆರು ಎಸ್‌ಎಸ್‌ಡಿಗಳಿಗೆ ಸಾಯುವವರೆಗೂ ಬರೆಸಿ ನೋಡಿತ್ತು. ಇಂಟೆಲ್ 335 ಸುಮಾರು 700 ಟೆರಾಬೈಟ್‌ಗೆ ಬರಹ ನಿಲ್ಲಿಸಿತು. ಆಫ್ ಮಾಡಿ ಆನ್ ಮಾಡಿದ ಮೇಲೆ ಓದಲಿಕ್ಕೂ ಸಿಗಲಿಲ್ಲ. ಅದನ್ನು ಹಾಗೆಯೇ ರೂಪಿಸಲಾಗಿತ್ತು. ಹಾಗಾಗಿ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದರೆ ಆಫ್ ಮಾಡದೆ, ಹೊರಗಿನ ಡಿಸ್ಕ್ ಚುಚ್ಚಿ ಮುಖ್ಯವಾದದ್ದನ್ನು ಮೊದಲು ನಕಲು ಮಾಡಿಕೊಳ್ಳಬೇಕು. ನಮ್ಮವನು ನಾಲ್ಕೈದು ಸಲ ರೀಸ್ಟಾರ್ಟ್ ಮಾಡಿಯೂ ಉಳಿದದ್ದು ಅದೃಷ್ಟ. ನಾನು ಇಡೀ ಡ್ರೈವಿನ ಪಡಿಯಚ್ಚನ್ನು ಹೊರಗಿನ ಡಿಸ್ಕಿಗೆ ತೆಗೆದೆ:

```
ddrescue -d /dev/nvme0n1 disk.img disk.map
```

ಓದಲಾಗದ ಜಾಗಗಳನ್ನು ಇದು ಬಿಟ್ಟು ಮುಂದೆ ಹೋಗಿ ಕೊನೆಗೆ ಮತ್ತೆ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಆಯಿತೆಂಬುದು ಮ್ಯಾಪ್ ಫೈಲಿನಲ್ಲಿರುವುದರಿಂದ ನಡುವೆ ಕರೆಂಟ್ ಹೋದರೂ ಮೊದಲಿನಿಂದ ಶುರುಮಾಡಬೇಕಿಲ್ಲ. ಬಿಟ್‌ಲಾಕರ್ ಹಾಕಿದ್ದರೆ ರಿಕವರಿ ಕೀ ಕೈಯಲ್ಲಿರಲೇಬೇಕು. ಅದಿಲ್ಲದೆ ಪಡಿಯಚ್ಚು ಬರೀ ಕಸ.

"ಈಗ ಬೇಡ, ಬೀರುವಿನಲ್ಲಿಟ್ಟು ಆಮೇಲೆ ನೋಡೋಣ" ಎಂಬುದೂ ಅಪಾಯವೇ. ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ, ಬರಹದ ಮಿತಿ ಮುಟ್ಟಿದ ಸಾಮಾನ್ಯ ಡ್ರೈವ್ ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಡಬೇಕು. ಮಿತಿ ದಾಟಿದ್ದಕ್ಕೆ ಆ ಮಾತೂ ಅನ್ವಯಿಸದು. ಸೆಕೆ ಹೆಚ್ಚಿದಷ್ಟೂ ವಿದ್ಯುದಂಶ ಬೇಗ ಸೋರುತ್ತದೆ.

ಎಲ್ಲ ಡ್ರೈವ್‌ಗಳೂ ಹೀಗೆ ಸಭ್ಯವಾಗಿ ಬೀಳ್ಕೊಡುವುದಿಲ್ಲ. ಕಂಟ್ರೋಲರ್ ಸುಟ್ಟರೆ ಮುನ್ಸೂಚನೆಯೂ ಇಲ್ಲ, ಓದುವ ಅವಕಾಶವೂ ಇಲ್ಲ.

ಗೆಳೆಯನಿಗೆ ಕಳೆದುಹೋದದ್ದು ಆ ಒಂದು ದಿನದ ಆಲ್ಬಂ ಮಾತ್ರ. ಹಳೇ ಡ್ರೈವನ್ನು ವಾರಂಟಿಗೆ ಕಳಿಸಲೇ ಎಂದು ಕೇಳಿದ. ಅಳಿಸಲಾಗದ ಡ್ರೈವ್ ಅದು, ಎನ್‌ಕ್ರಿಪ್ಶನ್ ಬೇರೆ ಇಲ್ಲ, ಊರವರ ಮದುವೆಗಳೆಲ್ಲ ಅದರೊಳಗಿವೆ. ಬರಹದ ಮಿತಿ ದಾಟಿದ ಮೇಲೆ ವಾರಂಟಿಯೂ ಉಳಿದಿರಲಿಲ್ಲ. ಹಿತ್ತಲ ಕಲ್ಲಿನ ಮೇಲಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಪ್ರತಿಯೊಂದು ಕಪ್ಪು ಚಿಪ್ಪೂ ಪುಡಿಯಾಗುವವರೆಗೆ ಸುತ್ತಿಗೆಯಲ್ಲಿ ಜಜ್ಜಿದ.