ಕ್ರೇನ್ ಹುಕ್ಕಿನ ಒಳಬದಿ ಯಾಕೆ ದಪ್ಪ?

ನಮ್ಮ ಯಡೂರು ಕಡೆ ಕಬ್ಬು ಇಳಿಸೋ ಕ್ರೇನಿನ ಹುಕ್ ನೋಡ್ರಿ. ಭಾರ ಬಿದ್ದಾಗ ಅದರ ಬಾಯಿ ತೆರೆಯೋಕೆ ನೋಡುತ್ತೆ: ಒಳಅಂಚು ಹಿಗ್ಗುತ್ತೆ, ಹೊರಅಂಚು ಕುಗ್ಗುತ್ತೆ. ಒಳಗಿನ ಎಳೆ ಮೊದಲೇ ಗಿಡ್ಡ, ಸ್ವಲ್ಪ ಹಿಗ್ಗಿದರೂ ಅದರ ಪಾಲಿಗೆ ಜಾಸ್ತಿ.

ನಾನೊಂದು ಲೆಕ್ಕ ಹಾಕಿದೆ. ಆಯತಾಕಾರದ ಛೇದ, ಒಳ ತ್ರಿಜ್ಯ 50 ಮಿ.ಮೀ., ಹೊರ ತ್ರಿಜ್ಯ 150, ದಪ್ಪ 40; ಭಾರ 20 ಕಿಲೋನ್ಯೂಟನ್, ಅಂದ್ರೆ ಸುಮಾರು 2 ಟನ್, ನೇರ ಬಾಗಿನ ಕೇಂದ್ರದ ಮೇಲೆ. ನೇರ ತೊಲೆಯ ಸೂತ್ರ ಹಾಕಿದ್ರೆ ಒಳಅಂಚಿನ ಸ್ಟ್ರೆಸ್ 35 ಮೆಗಾಪ್ಯಾಸ್ಕಲ್. ಬಾಗಿದ ತೊಲೆಯ ಸೂತ್ರದಲ್ಲಿ ಅದೇ 51! ಹೊರಅಂಚಿನಲ್ಲಿ ಬರೀ 17, ಅದೂ ಒತ್ತುವ ಸ್ಟ್ರೆಸ್.

ಅದಕ್ಕೇ ಹುಕ್ಕಿನ ಒಳಬದಿ ದಪ್ಪ, ಹೊರಬದಿ ಸಣ್ಣ. ಬಿರುಕು ಹುಡುಕುವಾಗ ಮೊದಲು ಒಳಅಂಚು ನೋಡಿ. ಬಾಯಿ ಮೊದಲಿಗಿಂತ ಅಗಲ ಆಗಿದ್ರೆ, ಆ ಹುಕ್ಕಿನಿಂದ ಇನ್ನೊಂದು ಹೊರೆ ಎತ್ತಬೇಡಿ.