ಕೆಆರ್‌ಎಸ್‌ಗೆ 124, ತುಂಗಭದ್ರೆಗೆ 1633: ಎಲ್ಲಿಂದ ಅಳೆದ ಅಡಿ?

ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಜಲಾಶಯಗಳ ಪಟ್ಟಿ ದಿನವೂ ಬರುತ್ತದೆ. ವರ್ಷದ ಪಟ್ಟಿಗಳನ್ನೆಲ್ಲ ಒಂದು ಎಕ್ಸೆಲ್ ಕಡತಕ್ಕೆ ಇಳಿಸಿ ಸಹೋದ್ಯೋಗಿಗೆ ಕಳಿಸಿದಿರಿ ಎನ್ನಿ. ಕಾಲಂಗಳ ಹೆಸರು level, storage, inflow, outflow. ತೆರೆದು ನೋಡಿದವರಿಗೆ ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80, ತುಂಗಭದ್ರಾದ್ದು 1633, ಆಲಮಟ್ಟಿಯದು 519.60 ಎಂದು ಕಾಣುತ್ತದೆ. ಮೂರೂ ಸರಿಯೇ. ಆದರೆ ತುಂಗಭದ್ರಾದ್ದು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಅಡಿ, ಆಲಮಟ್ಟಿಯದು ಸಮುದ್ರ ಮಟ್ಟದಿಂದಲೇ ಆದರೂ ಮೀಟರ್, ಕೆಆರ್‌ಎಸ್‌ನದು ಅಡಿಯಾದರೂ ಸಮುದ್ರ ಮಟ್ಟದಿಂದ ಅಳೆದದ್ದೇ ಅಲ್ಲ. ಇದು ತಿಳಿಯದೆ ಸರಾಸರಿ ತೆಗೆದರೂ ಕಂಪ್ಯೂಟರ್ ತಕರಾರು ಮಾಡುವುದಿಲ್ಲ.

ಕಡತದ ಜೊತೆಗೆ ಕಳಿಸಬೇಕಾದ ಡೇಟಾ ಡಿಕ್ಷನರಿ ಇಂಥ ಕಡೆ ಬೇಕಾಗುತ್ತದೆ. ಅದೇನೂ ದೊಡ್ಡ ದಾಖಲೆಯಲ್ಲ. ಕಡತದಲ್ಲಿರುವ ಅದೇ ಹೆಸರು, ಅಳತೆಯ ಮಾನ, ಅರ್ಥ, ಖಾಲಿ ಬಿಟ್ಟಿದ್ದರೆ ಏಕೆ ಎಂಬುದು, ಇಷ್ಟನ್ನು ಪ್ರತಿ ಕಾಲಂಗೂ ಬರೆದರಾಯಿತು:

```
level   | level_unit ನೋಡಿ | ಬೆಳಗಿನ ನೀರಿನ ಮಟ್ಟ | ಖಾಲಿ = ವರದಿ ಬಂದಿಲ್ಲ
storage | ಟಿಎಂಸಿ | ಒಟ್ಟು ಸಂಗ್ರಹ, ಡೆಡ್ ಸ್ಟೋರೇಜ್ ಸೇರಿ | ಖಾಲಿ = ವರದಿ ಬಂದಿಲ್ಲ
inflow  | ಕ್ಯೂಸೆಕ್ | 24 ಗಂಟೆಯ ಸರಾಸರಿ | 0 = ನಿಜವಾಗಿ ಹರಿವಿಲ್ಲ
```

ಮಟ್ಟದ ಮಾನ ಜಲಾಶಯಕ್ಕೊಂದರಂತೆ ಬದಲಾಗುವುದರಿಂದ ಅದಕ್ಕೆ level_unit ಎಂಬ ಬೇರೆ ಕಾಲಂ ಇಟ್ಟು, ಎಲ್ಲಿಂದ ಅಳೆದದ್ದು ಎಂಬುದನ್ನೂ ಅಲ್ಲೇ ಹೇಳುವುದು ಲೇಸು. ಖಾಲಿ ಮತ್ತು ಸೊನ್ನೆಯ ವ್ಯತ್ಯಾಸವನ್ನು ಸಣ್ಣದೆಂದು ಬಿಡುವವರೇ ಹೆಚ್ಚು. ವರದಿ ಬಾರದ ಭಾನುವಾರಕ್ಕೆ ಸೊನ್ನೆ ತುಂಬಿದರೆ ಅಂದು ನದಿಯೇ ಬತ್ತಿತ್ತು ಎಂದಾಗುತ್ತದೆ.

ಬರೆದದ್ದು ಸರಿಯೇ ಎಂದು ಪರೀಕ್ಷಿಸಲೂ ದಾರಿಯಿದೆ. ಸುಮಾರು 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಒಳಹರಿವು 30,000, ಹೊರಹರಿವು 7,000 ಕ್ಯೂಸೆಕ್ ಇದ್ದ ದಿನ ಸಂಗ್ರಹ ಹೆಚ್ಚುಕಡಿಮೆ 2 ಟಿಎಂಸಿ ಏರಬೇಕು. ಕಡತದಲ್ಲಿ ಏರಿದ್ದು ಒಂದೂವರೆ ಮಾತ್ರವೇ? ಹಾಗಿದ್ದರೆ ಆ 7,000 ನದಿಗೆ ಬಿಟ್ಟ ನೀರು ಮಾತ್ರ, ನಾಲೆಗಳದ್ದು ಅದರಲ್ಲಿ ಸೇರಿಲ್ಲ ಎಂಬ ಅನುಮಾನ ಮೊದಲು ಬರಬೇಕು. ಅಥವಾ ಹರಿವಿನ ಅಂಕಿ ದಿನದ ಸರಾಸರಿಯಾಗಿರದೆ ಬೆಳಿಗ್ಗೆ ಓದಿದ ಕ್ಷಣದ್ದಿರಬಹುದು. ಆವಿಯಾಗುವ ನೀರಿನಿಂದ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ, ಅರ್ಧ ಟಿಎಂಸಿಯಷ್ಟು ಒಂದೇ ದಿನದಲ್ಲಿ ಆವಿಯಾಗುವುದಿಲ್ಲ.

ಎರಡರಲ್ಲಿ ಯಾವುದು ಎಂದು ಅಂಕಿ ಕೊಟ್ಟ ಕಚೇರಿಗೆ ಒಂದು ಫೋನ್ ಮಾಡಿ ಕೇಳಿ. ಉತ್ತರ ಸಿಗದಿದ್ದರೆ ಊಹಿಸಿ ತುಂಬಬೇಡಿ, outflow ಎದುರು ‘ನಾಲೆ ಸೇರಿದೆಯೇ ಖಚಿತವಿಲ್ಲ’ ಎಂದೇ ಬರೆದು ಕಳಿಸಿ.